ಪಾಠ ಒಂದೇ, ತೆರಿಗೆ ಬೇರೆ

ಪ್ರಶ್ನೆ: ಪಿಯುಸಿ ಮಕ್ಕಳಿಗೆ ಕೋಚಿಂಗ್ ಕ್ಲಾಸ್ ನಡೆಸುತ್ತಿದ್ದೇನೆ. ಶಿಕ್ಷಣಕ್ಕೆ ಜಿಎಸ್‌ಟಿ ಇಲ್ಲವೆಂದು ಕೇಳಿದ್ದೇನೆ. ಹಾಗಾದರೆ ನೋಂದಣಿ ಬೇಕೆ? ಫೀಸಿನ ಲೆಕ್ಕ ಹೇಗಿಡಬೇಕು?

ಉತ್ತರ: ವಿನಾಯಿತಿ ಇರುವುದು ಶಾಲೆ, ಪಿಯು ಕಾಲೇಜಿಗೆ ಮತ್ತು ಕಾನೂನು ಮಾನ್ಯ ಮಾಡಿದ ಪದವಿ, ಡಿಪ್ಲೊಮಾಗಳನ್ನು ಕೊಡಿಸುವ ಸಂಸ್ಥೆಗಳಿಗೆ. ನೀವು ಕಲಿಸುವುದು ಅದೇ ಪಠ್ಯವಾದರೂ ಪ್ರಮಾಣಪತ್ರ ಕೊಡಿಸುವವರು ನೀವಲ್ಲ. ಹಾಗಾಗಿ ಕೋಚಿಂಗ್‌ಗೆ ಶೇ 18 ತೆರಿಗೆ ಉಂಟು. ಒಟ್ಟು ಫೀಸಿನಲ್ಲೇ ಸೇರಿಸಿ ಕೊಡುವ ಪುಸ್ತಕ, ನೋಟ್ಸ್‌ಗೂ ಅದೇ ದರ. ಆದರೆ ಕರ್ನಾಟಕದಲ್ಲಿ ಆರ್ಥಿಕ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ.

ಆ ಗಡಿ ಯಾವ ದಿನ ದಾಟಿತು ಎಂಬುದನ್ನು ನಿಮ್ಮ ಫೀಸು ಪುಸ್ತಕವೇ ಹೇಳಬೇಕು. 70 ಮಕ್ಕಳು, ತಲಾ 36,000 ರೂಪಾಯಿ ಎಂದಿಟ್ಟುಕೊಳ್ಳಿ. ಜೂನ್‌ನಲ್ಲಿ 20,000ದಂತೆ ಕಟ್ಟಿದಾಗ 14 ಲಕ್ಷ ಆಯಿತು. ನವೆಂಬರ್‌ನಲ್ಲಿ ಉಳಿದ 16,000ವನ್ನು 37 ಮಂದಿ ಕಟ್ಟುವಾಗ 19.92 ಲಕ್ಷ; 38ನೆಯ ರಸೀದಿ ಹರಿದ ಕೂಡಲೇ ಗಡಿ ದಾಟಿತು. ಅಂದಿನಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಮಾರ್ಚ್‌ನಲ್ಲಿ ಆಡಿಟರ್ ಹೇಳಿದಾಗ ಎಚ್ಚೆತ್ತುಕೊಂಡರೆ ನಡುವಿನ ತಿಂಗಳುಗಳ ತೆರಿಗೆ, ಬಡ್ಡಿ ನಿಮ್ಮ ಜೇಬಿನಿಂದಲೇ.

ಪೋಷಕರಿಗೆ ಎರಡನೆಯ ಕಂತು ಎಲ್ಲ ಸೇರಿ 16,000 ಎಂದೇ ಹೇಳಿಬಿಟ್ಟಿದ್ದರೆ, ಅದರೊಳಗಿನ ತೆರಿಗೆ 16,000 × 18 ÷ 118, ಅಂದರೆ ಸುಮಾರು 2,441 ರೂಪಾಯಿ. ಇದರ ಬದಲು ವಹಿವಾಟು 50 ಲಕ್ಷದೊಳಗೆ ಇದ್ದು, ಬೇರೆ ರಾಜ್ಯದ ಮಕ್ಕಳಿಗೆ ಆನ್‌ಲೈನ್ ಪಾಠ ಇಲ್ಲದಿದ್ದರೆ ನೋಂದಣಿಯ ಹೊತ್ತಿಗೇ ಕಾಂಪೊಸಿಷನ್ ಯೋಜನೆ ಆರಿಸಿಕೊಳ್ಳಬಹುದು: ಶೇ 6, ಅಂದರೆ 960 ರೂಪಾಯಿ. ಮೂರು ತಿಂಗಳಿಗೊಮ್ಮೆ ಕಟ್ಟಿದರಾಯಿತು. ಅದನ್ನು ಪೋಷಕರಿಂದ ತೆರಿಗೆಯೆಂದು ಬೇರೆ ವಸೂಲಿ ಮಾಡುವಂತಿಲ್ಲ, ಬಾಡಿಗೆ ಮೇಲೆ ನೀವು ಕೊಟ್ಟ ಜಿಎಸ್‌ಟಿಯನ್ನು ಕಟ್ಟಬೇಕಾದ ತೆರಿಗೆಯಿಂದ ಕಳೆಯುವಂತೆಯೂ ಇಲ್ಲ. ಪೋಷಕರಿಗೆ ತೆರಿಗೆ ವಾಪಸು ಸಿಗುವುದಿಲ್ಲವಾದ್ದರಿಂದ ಸಣ್ಣ ಕ್ಲಾಸಿಗೆ ಇದೇ ಹಗುರ ಎಂಬುದು ನಮ್ಮ ಅಭಿಪ್ರಾಯ.

ಪುಸ್ತಕದಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಪುಟವಿರಲಿ. ಮೇಲೆ ಒಪ್ಪಿದ ಫೀಸು, ರಿಯಾಯಿತಿ, ಉಳಿದ ಮೊತ್ತ. ಕೆಳಗೆ ದಿನಾಂಕ, ಕ್ರಮಸಂಖ್ಯೆಯ ರಸೀದಿ, ನಗದೋ ಯುಪಿಐಯೋ, ಬಾಕಿ. ರಿಯಾಯಿತಿಯನ್ನು ಸೇರುವ ದಿನವೇ ಬರೆಯಿರಿ. ಆಮೇಲೆ ಸೇರಿಸಿದರೆ ಬಾಕಿ ಫೀಸು ಮುಚ್ಚಿಟ್ಟಂತೆ ಕಾಣುತ್ತದೆ. ಫೀಸನ್ನು ಶಿಕ್ಷಕರ ಸ್ವಂತ ಖಾತೆಗೆ ಹಾಕಿಸಬೇಡಿ. 2025ರ ಜುಲೈನಲ್ಲಿ ಇಲ್ಲಿನ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋದದ್ದು ಯುಪಿಐ ಲೆಕ್ಕದ ಆಧಾರದ ಮೇಲೆಯೇ. ಮನೆಯವರು ಕಳಿಸಿದ ಹಣವೂ ಅದೇ ಖಾತೆಯಲ್ಲಿದ್ದರೆ, ಅದು ಫೀಸಲ್ಲವೆಂದು ತೋರಿಸುವ ಪಾಡು ನಿಮ್ಮದು.

ನಡುವೆ ಬಿಟ್ಟುಹೋದ ವಿದ್ಯಾರ್ಥಿಗೆ ಹಣ ಮರಳಿಸಿದಾಗ ಹಳೆಯ ರಸೀದಿ ಹರಿದುಹಾಕಬೇಡಿ, ಕ್ರಮಸಂಖ್ಯೆ ತಪ್ಪುತ್ತದೆ. ಬೇರೆ ವೋಚರ್ ಬರೆದು, ಪೋಷಕರ ಸಹಿ ಪಡೆದು, ಅದೇ ಪುಟದಲ್ಲಿ ನಮೂದಿಸಿ.