ರಾತ್ರಿ ಅರಮನೆ ಫೋಟೋ ಮಸುಕಾಗುವುದು ಯಾಕೆ?

ಭಾನುವಾರ ಸಂಜೆ ಮೈಸೂರು ಅರಮನೆ ಲೈಟಿಂಗ್ ಫೋಟೋ ತೆಗೆದರೆ ಮಸುಕಾಗಿ ಬರುತ್ತೆ, ಫೋನೇ ಸರಿ ಇಲ್ವಾ?

ಫೋನ್ ಬದಲಿಸುವ ಮುಂಚೆ ಆ ಫೋಟೋ ದೊಡ್ಡದು ಮಾಡಿ ಒಂದೇ ಒಂದು ಬಲ್ಬ್ ನೋಡಿ. ಬಲ್ಬಿನಿಂದ ಉದ್ದ ಗೆರೆ ಎಳೆದ ಹಾಗಿದ್ದು, ಸುತ್ತ ಮಂಜು ಕವಿದಂತೆ ಕಂಡರೆ ಲೆನ್ಸ್ ಮೇಲೆ ಬೆರಳಿನ ಜಿಡ್ಡಿದೆ. ಚುರುಮುರಿ ತಿಂದ ಕೈಯಲ್ಲೇ ಫೋನ್ ಹಿಡಿಯುತ್ತೇವೆ, ಅಲ್ವಾ? ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ.

ಬಲ್ಬುಗಳು ದುಂಡಗೆ ಊದಿಕೊಂಡಿದ್ದರೆ ಫೋಕಸ್ ತಪ್ಪಿದೆ. ಸ್ಕ್ರೀನಿನಲ್ಲಿ ಗೋಪುರದ ಅಂಚಿನ ಮೇಲೆ ಬೆರಳು ಒತ್ತಿ ಹಿಡಿಯಿರಿ, ತುಂಬಾ ಫೋನ್‌ಗಳಲ್ಲಿ ಫೋಕಸ್ ಅಲ್ಲೇ ಲಾಕ್ ಆಗುತ್ತದೆ, ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆಳೆದರೆ ಬೆಳಕೂ ಹದಕ್ಕೆ ಬರುತ್ತದೆ.

ಎಲ್ಲ ಬಲ್ಬಿಗೂ ಒಂದೇ ದಿಕ್ಕಿಗೆ ಬಾಲ ಇದ್ದರೆ ಕೈ ಅಲ್ಲಾಡಿದೆ. ಕತ್ತಲಲ್ಲಿ ಕ್ಯಾಮೆರಾ ಜಾಸ್ತಿ ಹೊತ್ತು ಬೆಳಕು ಹಿಡಿಯುತ್ತದೆ, ನೈಟ್ ಮೋಡ್‌ನಲ್ಲಿ ಒಂದೆರಡು ಸೆಕೆಂಡೂ ಆಗಬಹುದು. ಎರಡೂ ಮೊಣಕೈ ಪಕ್ಕೆಗೆ ಒತ್ತಿ, ಕಂಬಕ್ಕೆ ಒರಗಿ ನಿಂತು 3 ಸೆಕೆಂಡ್ ಟೈಮರ್ ಹಾಕಿ, ಯಾಕೆಂದರೆ ಬಟನ್ ಒತ್ತುವಾಗಲೇ ಫೋನ್ ಅಲುಗುತ್ತದೆ. ಮುಂದೆ ಓಡಾಡುವ ಜನ ಮಾತ್ರ ಆಗಲೂ ಮಸುಕಾಗಿಯೇ ಬರುತ್ತಾರೆ, ಅದಕ್ಕೆ ಕೈ ಕಾರಣ ಅಲ್ಲ.