ಆಸ್ತಮಾ ಇರುವ ಹುಡುಗಿಗೆ ಖೋ-ಖೋ ಕೊಟ್ಟು ನೋಡಿ

"ಆಸ್ತಮಾ ಇರುವ ಹುಡುಗಿ ಈಜು ಕಲಿತು ಗೆಲ್ಲುವ ಮಕ್ಕಳ ಕಥೆ ಬರೆದೆ. ಮಗಳು ಓದಿ 'ಸುಳ್ಳು' ಅಂದಳು. ಎಲ್ಲಿ ಎಡವಟ್ಟಾಗಿದೆ?"

ಬಹುಶಃ ಈಜು ಶುರುವಾದ ಮೇಲೆ ಆಸ್ತಮಾ ಕಥೆಯಿಂದಲೇ ಮಾಯವಾಗಿದೆ. ಆಟದಿಂದ ಅದು ವಾಸಿಯಾಗುವುದಿಲ್ಲ, ಮಕ್ಕಳಿಗೆ ಅದು ಗೊತ್ತು.

ಮೊದಲು ಉಬ್ಬಸದ ದೃಶ್ಯ ತಿದ್ದಿ. ಡಿಸೆಂಬರ್ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಒಂದೇ ಸಮನೆ ಓಡಿದರೆ ಬಾಯಲ್ಲಿ ಎಳೆದ ತಣ್ಣನೆಯ ಒಣ ಗಾಳಿಗೆ ಶ್ವಾಸನಾಳ ಬಿಗಿಯುತ್ತದೆ. ಎಷ್ಟೋ ಸಲ ಓಡುವಾಗಲ್ಲ, ನಿಂತ 5-10 ನಿಮಿಷಕ್ಕೆ ಜೋರಾಗುತ್ತದೆ: ಮೊದಲು ಕೆಮ್ಮು, ಆಮೇಲೆ ಎದೆ ಬಿಗಿತ, ಸುಂಯ್ ಅನ್ನುವ ಸದ್ದು.

ಆಮೇಲೆ ಆಟ. ಈಜು ತಪ್ಪಲ್ಲ, ನೀರಿನ ಮೇಲಿನ ತೇವದ ಗಾಳಿ ಹಿತ. ಆದರೆ ಮುಚ್ಚಿದ ಕೊಳದ ಕ್ಲೋರಿನ್ ವಾಸನೆಗೆ ಕೆಲವರಿಗೆ ಕೆಮ್ಮು ಬರುತ್ತದೆ. ನಾನಾದರೆ ಖೋ-ಖೋ ಕೊಡುತ್ತೇನೆ. ಅಟ್ಟಿಸುವ ತಂಡದಲ್ಲಿ ಎಂಟು ಜನ ಸಾಲಾಗಿ ಕೂತಿರುತ್ತಾರೆ, ಖೋ ಸಿಕ್ಕರೆ ಎದ್ದು ನಾಲ್ಕು ಹೆಜ್ಜೆ ಓಡಿ, ಇನ್ನೊಬ್ಬಳಿಗೆ ಖೋ ಕೊಟ್ಟು ಕೂರಬಹುದು, ಅಷ್ಟರಲ್ಲಿ ಉಸಿರು ಸುಧಾರಿಸುತ್ತದೆ. ತಪ್ಪಿಸಿಕೊಳ್ಳುವ ಸರದಿ ಮಾತ್ರ ಕಷ್ಟ, ಅಲ್ಲಿ ಬಿಡದೆ ಓಡಬೇಕು ಅಲ್ವಾ? ಮೂರು ಮೂರು ಜನ ಇಳಿಯುವುದರಿಂದ ಅವಳನ್ನು ಕೊನೆಯ ಗುಂಪಿಗೆ ಹಾಕಿ. ಯಾವ ಆಟ ಒಗ್ಗುತ್ತದೆ ಅನ್ನುವುದು ಮಗುವಿಂದ ಮಗುವಿಗೆ ಬೇರೆ, ಹಾಗಾಗಿ ಒಂದೆರಡು ಆಟ ಒಗ್ಗದೇ ಹೋಗಲಿ.

ಕೊನೆಗೆ ಇನ್ಹೇಲರ್. ಡಾಕ್ಟರ್ ಹೇಳಿದಂತೆ ಆಟಕ್ಕೆ 10-15 ನಿಮಿಷ ಮೊದಲು ಸ್ಪೇಸರ್ ಅನ್ನುವ ಕೊಳವೆ ಹಾಕಿ ಎಳೆಯಲಿ, ನಿಧಾನವಾಗಿ ಮೈ ಬಿಸಿ ಮಾಡಿಕೊಳ್ಳಲಿ. ಪಂದ್ಯದ ನಡುವೆ ಕೆಮ್ಮು ಬಂದರೆ ಅವಳೇ ಕೈ ಎತ್ತಿ ಹೊರಗೆ ಬರಲಿ. ಇನ್ಹೇಲರ್ ಮೇಷ್ಟ್ರ ಬೀರುವಿನಲ್ಲಲ್ಲ, ಮೈದಾನದ ಅಂಚಿನಲ್ಲಿ ಅವಳ ಚೀಲದಲ್ಲೇ ಇರಲಿ.