ಡೈಮಾಕ್ಸ್ ನುಂಗಿದರೆ ಬೆಟ್ಟ ತಗ್ಗುವುದಿಲ್ಲ

ಪ್ರಶ್ನೆ: ಶನಿವಾರ ಬೆಳಿಗ್ಗೆ ವಿಮಾನದಲ್ಲಿ ಲೇಹ್‌ಗೆ ಹೋಗ್ತಿದ್ದೇವೆ. ಎತ್ತರದ ಕಾಯಿಲೆ ಬರದ ಹಾಗೆ ಡೈಮಾಕ್ಸ್ ಮಾತ್ರೆ ತಗೊಂಡ್ರೆ ಭಾನುವಾರವೇ ಪ್ಯಾಂಗಾಂಗ್ ಸರೋವರದ ಹತ್ರ ಉಳಿಯಬಹುದಾ? ಕರ್ಪೂರ ಮೂಸಿದರೆ ಸಾಕು ಅಂತಾನೂ ಹೇಳ್ತಾರೆ.

ಬೇಡ. ಲೇಹ್ ಇರುವುದೇ ಸುಮಾರು 3,500 ಮೀಟರ್ ಎತ್ತರದಲ್ಲಿ, ಪ್ಯಾಂಗಾಂಗ್ 4,200 ದಾಟುತ್ತದೆ. ಹಗಲು ಎಲ್ಲಿಗೆ ಹೋಗಿ ಬಂದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದೇ ಮುಖ್ಯ. ಎರಡು ರಾತ್ರಿ, ಸಾಧ್ಯವಾದರೆ ಮೂರು, ಲೇಹ್‌ನಲ್ಲೇ ಸುಮ್ನೆ ಇರಿ.

ಮೇಲೆ ಹೋದಾಗ ಆಮ್ಲಜನಕ ಸಾಲದೆ ಉಸಿರು ಜೋರಾಗುತ್ತದೆ. ಆಗ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ಮೆದುಳು ಉಸಿರಿಗೆ ಬ್ರೇಕ್ ಹಾಕುತ್ತದೆ. ರಾತ್ರಿ ಉಸಿರು ನಿಂತು ನಿಂತು ಎಚ್ಚರವಾಗುವುದು ಇದರಿಂದಲೇ. ಡೈಮಾಕ್ಸ್, ಅಂದರೆ ಅಸೆಟಜೋಲಮೈಡ್, ಮೂತ್ರಪಿಂಡದಿಂದ ಬೈಕಾರ್ಬನೇಟ್ ಅನ್ನುವ ಕ್ಷಾರವನ್ನು ಹೊರಗೆ ಕಳಿಸಿ ಆ ಬ್ರೇಕ್ ಸಡಿಲಿಸುತ್ತದೆ. ದೇಹ ಕೆಲವು ದಿನಗಳಲ್ಲಿ ತಾನೇ ಮಾಡುವ ಕೆಲಸವನ್ನು ಬೇಗ ಶುರು ಮಾಡಿಸುತ್ತದೆ, ಅಷ್ಟೇ. ಹಾಗಾಗಿ ಇದು ಲಕ್ಷಣಗಳನ್ನು ಮುಚ್ಚಿಡುತ್ತದೆ ಅನ್ನುವ ಮಾತೂ ಸುಳ್ಳು.

ಸಾಮಾನ್ಯವಾಗಿ ದೊಡ್ಡವರಿಗೆ ಒಂದು ಹೊತ್ತಿಗೆ 125 ಮಿಲಿಗ್ರಾಂ, ಅಂದರೆ 250ರ ಅರ್ಧ ಮಾತ್ರೆ. ನೀವು ಶುಕ್ರವಾರ ಬೆಳಿಗ್ಗೆ, ರಾತ್ರಿ ತಗೊಂಡು ಹೊರಡಬೇಕು, ಲೇಹ್‌ನಲ್ಲೂ ಎರಡು ದಿನ ಹಾಗೇ ಮುಂದುವರಿಸಬೇಕು. ವಿಮಾನ ಹತ್ತುವಾಗ ನೆನಪಾಗಿ ನುಂಗಿದರೆ ಅರ್ಧ ಲಾಭ ಹೋಯಿತು. ಬೆರಳು ಜುಮ್ಮೆನ್ನುತ್ತದೆ, ಸೋಡಾ ಸಪ್ಪೆ ಅನಿಸುತ್ತದೆ, ಪದೇಪದೇ ಮೂತ್ರಕ್ಕೆ ಏಳಬೇಕಾಗುತ್ತದೆ. ಇದಕ್ಕೆ ಗಾಬರಿ ಬೇಡ. ಆದರೆ ಸಲ್ಫಾ ಔಷಧಿಗೆ ಜೋರು ಅಲರ್ಜಿ ಆಗಿದ್ದವರು, ಕಿಡ್ನಿ ಕಲ್ಲು ಅಥವಾ ಲಿವರ್ ಕಾಯಿಲೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಮಾತ್ರೆ ತಗೊಂಡರೂ ತಲೆನೋವು, ವಾಕರಿಕೆ ಬಂದರೆ ಅಲ್ಲೇ ನಿಲ್ಲಿ, ಇನ್ನೂ ಮೇಲೆ ಹೋಗಬೇಡಿ. ಸಂಗಾತಿ ಮಂಕಾಗಿದ್ದರೆ ಒಂದು ಕಾಲಿನ ಬೆರಳಿಗೆ ಇನ್ನೊಂದು ಕಾಲಿನ ಹಿಮ್ಮಡಿ ತಾಗುವಂತೆ ಹೆಜ್ಜೆಯಿಡಿಸಿ ನೇರ ಗೆರೆಯಲ್ಲಿ ನಡೆಸಿ ನೋಡಿ. ತೂರಾಡಿದರೆ ಮೆದುಳು ಊದುತ್ತಿದೆ ಅಂತಲೇ ತಿಳಿಯಿರಿ. ಕೂತಲ್ಲೇ ಏದುಸಿರು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಆಗ ಬೆಳಗಾಗಲಿ ಅಂತ ಕಾಯದೆ ಕೆಳಗಿಳಿಸಿ, ಆಮ್ಲಜನಕ ಕೊಡಿಸಿ. ಇನ್ನೊಂದು ಡೈಮಾಕ್ಸ್ ಆ ಕೆಲಸ ಮಾಡುವುದಿಲ್ಲ. ಕರ್ಪೂರದಿಂದ ಮೂಗು ತಣ್ಣಗಾಗುತ್ತದೆ, ರಕ್ತದ ಆಮ್ಲಜನಕ ಒಂದು ಚೂರೂ ಏರುವುದಿಲ್ಲ. ಮಾರುವವರಿಗೆ ನಾಚಿಕೆಯಾಗಬೇಕು.

ಪ್ರಶ್ನೆ: ಅಮ್ಮನಿಗೆ ಗ್ಲುಕೋಮಾ. ಇದ್ದಕ್ಕಿದ್ದಂತೆ ಕಣ್ಣು ಕೆಂಪಾಗಿ, ನೋವು, ವಾಂತಿ. ಮನೆಯಲ್ಲಿರೋ ಡೈಮಾಕ್ಸ್ ಕೊಟ್ಟು ಬೆಳಿಗ್ಗೆ ತೋರಿಸಲಾ?

ಈಗಲೇ ಹೊರಡಿ. ಮಾತ್ರೆ ಕಣ್ಣಿನಲ್ಲಿ ನೀರು ಊರುವುದನ್ನು ಕಡಿಮೆ ಮಾಡುತ್ತದೆ, ಆ ನೀರು ಹೊರಹೋಗುವ, ಈಗ ಮುಚ್ಚಿದ ದಾರಿಯನ್ನು ತೆರೆಯುವುದಿಲ್ಲ.

ಪ್ರಶ್ನೆ: ತಲೆಗೆ ಪೆಟ್ಟು ಬಿದ್ದವರಿಗೆ ಹತ್ತಿರದ ಕ್ಲಿನಿಕ್‌ನಲ್ಲಿ ಮ್ಯಾನಿಟಾಲ್ ಡ್ರಿಪ್ ಹಾಕಿಸಿ ಮನೆಗೆ ಕರ್ಕೊಂಡು ಬರಬಹುದಾ?

ಅದು ಗ್ಲೂಕೋಸ್ ಬಾಟಲಿ ಅಲ್ಲ. ಮೆದುಳಿನ ನೀರನ್ನು ರಕ್ತಕ್ಕೆ ಎಳೆದು ಕೆಲವು ಗಂಟೆ ಸಮಯ ಕೊಡುತ್ತದೆ, ಬಿಪಿ ಬೀಳಬಹುದು, ಕಿಡ್ನಿ ಕೆಡಬಹುದು. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ.